ಸೋಲಾರ್ ಕಾಲ್ ಗೈಡ್: ಭಾಷಣ ಬಿಡೂದು, ಮಾತಾಡೂದು

ಎಲ್ಲಾರೂ ಒಮ್ಮೆ ಪೂರ್ತಿ ಓದ್ರಿ. ಸೋಮವಾರದಿಂದ ಟೇಬಲ್ ಮ್ಯಾಲ ಇದ ಇರಬೇಕು, ಹಳೇ ಹಾಳಿ ತಗದ ಬಿಡ್ರಿ.

ಹಳೇದು ಹಿಂಗಿತ್ತು: "ನಮಸ್ಕಾರ, ಭಾರತ ಸರ್ಕಾರದ ಮಹತ್ವಾಕಾಂಕ್ಷಿ ಯೋಜನೆಯಾದ ಪಿಎಂ ಸೂರ್ಯಘರ್ ಅಡಿಯಲ್ಲಿ ತಮ್ಮ ಗೃಹದ ಮೇಲ್ಛಾವಣಿಯಲ್ಲಿ ಸೌರ ಫಲಕಗಳನ್ನು ಅಳವಡಿಸಿಕೊಂಡು ವಿದ್ಯುತ್ ವೆಚ್ಚವನ್ನು ಗಣನೀಯವಾಗಿ ಕಡಿಮೆ ಮಾಡಿಕೊಳ್ಳುವ ಸುವರ್ಣಾವಕಾಶ..." ಇನ್ನೂ ಹದಿನೆಂಟ್ ಸಾಲು. ಹೋದ ವಾರ ಒಂದ್ ರೆಕಾರ್ಡಿಂಗ್ ಕೇಳಿದೆ. ನವನಗರದ ಒಬ್ರು ರಿಟೈರ್ಡ್ ಮಾಸ್ತರ್ರು ಫೋನ್ ಎತ್ತಿದ್ರು, ನಮ್ಮ ಹುಡುಗಿ ಓದಾಕ ಶುರು ಮಾಡಿದ್ಲು, ನಡುವ ಅವರು "ಅಲ್ಲವಾ, ನಮ್ಮ ಮಾಳಗಿ ಮ್ಯಾಲ..." ಅಂತ ಏನೋ ಕೇಳಾಕ ಬಂದ್ರು, ಈಕಿ ನಿಲ್ಲಲಿಲ್ಲ, ಹಿಂದ ಅವರ ಮನ್ಯಾಗ ಕುಕ್ಕರ್ ಎರಡ್ ಸೀಟಿ ಹೊಡೀತು, ಆಮ್ಯಾಲ ಫೋನ್ ಕಟ್. ಆ ಮಾಸ್ತರ್ರು ಏನ್ ಕೇಳಾಕ ಹೊಂಟಿದ್ರು ಅನ್ನೂದು ನಮಗ ಗೊತ್ತಾಗಲೇ ಇಲ್ಲ. ತಪ್ಪು ಆಕಿದಲ್ಲ, ಎಲ್ಲೆ ನಿಲ್ಲಬೇಕು ಅಂತ ನಾವು ಹಾಳಿ ಒಳಗ ಬರದಿರಲೇ ಇಲ್ಲ.

ಫೋನ್ ಹಚ್ಚೂಕಿಂತ ಮೊದಲ

ಲಿಸ್ಟ್‌ನ್ಯಾಗ ಡಿಎನ್‌ಡಿ ಇದ್ದವರಿಗೆ ಹಚ್ಚಬ್ಯಾಡ್ರಿ. ಬ್ಯಾಡಗಿ ಕಡೆ ಮೆಣಸಿನಕಾಯಿ ಸೀಸನ್ ಇದ್ದಾಗ ದಲಾಲರಿಗೆ, ಅಂಗಡಿಯವರಿಗೆ ಮುಂಜಾನಿ ಮಾಡಿದ್ರ ಬೈಸ್ಕೊಂತೀರಿ, ಸಂಜಿ ಮುಂದ ಮಾಡ್ರಿ. ಹೆಸ್ಕಾಂ ಕಡಿಂದ ಮಾತಾಡೂದು ಅಂತ ಯಾರೂ, ಯಾವಾಗೂ ಹೇಳಬಾರದು. ನಾವು ಪ್ರೈವೇಟ್ ಅಂಗಡಿಯವರು, ಅದನ್ನ ಹೇಳಾಕ ನಾಚಿಕಿ ಏನೂ ಇಲ್ಲ.

ಶುರು

"ನಮಸ್ಕಾರ್ರಿ ಸರ್, ಹುಬ್ಬಳ್ಳಿ ವಿದ್ಯಾನಗರದ ಸೋಲಾರ್ ಅಂಗಡಿಯಿಂದ ಮಾತಾಡಾಕತ್ತೇನ್ರಿ. ಮಾಳಗಿ ಮ್ಯಾಲ ಸೋಲಾರ್ ಹಾಕೂದರ ಬಗ್ಗೆ ಕೇಳಾಕ ಮಾಡಿದ್ದೆ. ಒಂದೆರಡ್ ನಿಮಿಷ ಮಾತಾಡಬಹುದೇನ್ರಿ, ಇಲ್ಲಾ ಕೆಲಸದಾಗ ಅದೀರೇನು?"

ಇಷ್ಟ. ಇಲ್ಲೆ ಬಾಯಿ ಮುಚ್ಚಬೇಕು. ಕೆಲಸದಾಗ ಅದೇನಿ ಅಂದ್ರ "ಆತ್ರಿ, ಎಷ್ಟಕ್ಕ ಮಾಡ್ಲಿ?" ಅಂತ ಟೈಮ್ ಕೇಳಿ ಬರಕೋರಿ, ಆ ಟೈಮಿಗೇ ಮಾಡ್ರಿ. ಹೆಣ್ಣಮಕ್ಕಳು ಎತ್ತಿದ್ರ "ಯಜಮಾನ್ರಿಗೆ ಕೊಡ್ರಿ" ಅನ್ನಬ್ಯಾಡ್ರಿ, ಬಿಲ್ ಎಷ್ಟ ಬರತೈತಿ ಅನ್ನೂದು ಭಾಳ ಮನ್ಯಾಗ ಅಕ್ಕಾರಿಗೇ ಗೊತ್ತಿರತೈತಿ, ಅವರನ್ನ ಕೇಳ್ರಿ.

ಕೇಳೂದು

ಮೊದಲ ಒಂದ ಪ್ರಶ್ನಿ: "ಕರೆಂಟ್ ಬಿಲ್ ತಿಂಗಳಾ ಎಷ್ಟ ಬರಾಕತ್ತೈತ್ರಿ?" ಉತ್ತರ ಬಂದ ಮ್ಯಾಲ ಮುಂದಿನ ಮಾತು ಅದರ ಮ್ಯಾಲ ಹೋಗಬೇಕು. ಏಸಿ ಐತೇನ್ರಿ, ಬೋರ್ ಮೋಟರ್ ನಡಸ್ತೀರೇನ್ರಿ, ಸ್ವಂತ ಮನೀನೋ ಬಾಡಿಗೀನೋ, ಮಾಳಗಿ ಮ್ಯಾಲ ಬಿಸಲು ಬೀಳತೈತೋ ಬಾಜೂ ಬಿಲ್ಡಿಂಗಿನ ನೆರಳ ಐತೋ. ಇವನ್ನ ಸಾಲಾಗಿ ಕೇಳಬ್ಯಾಡ್ರಿ, ಪೊಲೀಸ್ ಸ್ಟೇಷನ್ ಆಗತೈತಿ. ಅವರು ಬಿಟ್ಟಿದ್ದ ತುದಿ ಹಿಡದ ಕೇಳ್ರಿ. "ಬ್ಯಾಸಗ್ಯಾಗ ನಾಕ್ ಸಾವಿರ ದಾಟತೈತಿ" ಅಂದ್ರ "ಏಸಿ ಇದ್ದಂಗ ಐತಲ್ರಿ?" ಅಂದ್ರ ಸಾಕು, ಉಳಿದಿದ್ದು ಅವರ ಹೇಳ್ತಾರ.

ಸೋಲಾರ್ ಅಂದ ಕೂಡ್ಲೆ ಅರ್ಧಾ ಮಂದಿ ನೀರ ಕಾಸೂದು ಅಂತ ತಿಳಕೊಂತಾರ, "ನಮ್ಮನ್ಯಾಗ ಐತಿ" ಅಂತ ಇಡಾಕ ಹೋಗ್ತಾರ. ಆವಾಗ: "ಅದು ನೀರು ಕಾಸೂದ್ರಿ ಅಕ್ಕಾರ, ಇದು ಕರೆಂಟ್ ಮಾಡೂದು, ಫ್ಯಾನ್ ಫ್ರಿಜ್ ಎಲ್ಲಾ ಇದರ ಮ್ಯಾಲ ನಡೀತಾವು."

ಅವರು ಹಿಂಗಂದ್ರ

"ನಮಗ ಗೃಹಜ್ಯೋತಿ ಐತಿ, ಬಿಲ್ಲೇ ಬರೂದಿಲ್ಲ." ಇದು ದಿನಾ ಬರೂ ಮಾತು, ವಾದ ಹಾಕಬ್ಯಾಡ್ರಿ. "ಹಂಗಿದ್ರ ಛಲೋ ಆತಲ್ರಿ. ಬ್ಯಾಸಗ್ಯಾಗೂ 200 ಯುನಿಟ್ ಒಳಗ ಇರತೈತೇನ್ರಿ?" ಇರತೈತಿ ಅಂದ್ರ "ಹಂಗಾರ ಈಗ ನಿಮಗ ಸೋಲಾರ್ ಬೇಕಾಗಿಲ್ರಿ" ಅಂತ ಹೇಳಿ ಇಡ್ರಿ, ಖರೇನ ಬೇಕಾಗಿಲ್ಲ, ಅವರ ರೊಕ್ಕಾ ಸುಮ್ನ ಹಾಕಸೂದು ನಮಗ ಬ್ಯಾಡ. ಕೆಲವ ತಿಂಗಳ ದಾಟತೈತಿ ಅಂದ್ರ ಮಾತ್ರ ಮುಂದ: "200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ರಿ, ವರ್ಷಕ್ಕ ಅಂಥಾ ತಿಂಗಳ ಎಷ್ಟ ಬರ್ತಾವು?" ಎರಡ್ ಮೂರ್ ತಿಂಗಳಂದ್ರ ಇವರಿಗೂ ಅವಸರ ಮಾಡಬ್ಯಾಡ್ರಿ.

"ಮೊದಲ ರೇಟ್ ಹೇಳ್ರಿ." ಹಳೇ ಹಾಳ್ಯಾಗ "ಅದನ್ನ ನಮ್ಮ ಎಂಜಿನಿಯರ್ ಬಂದು ತಿಳಿಸ್ತಾರೆ" ಅಂತ ಇತ್ತು, ರೇಟ್ ಮುಚ್ಚಿದ್ರ ಮಂದಿಗೆ ಸಂಶಯ ಬರತೈತಿ. ಸೀದಾ ಹೇಳ್ರಿ: "3 ಕಿಲೋವ್ಯಾಟಿಗೆ ನಮ್ಮ ರೇಟ್ 1,95,000 ರೂಪಾಯ್ರಿ. ಸಬ್ಸಿಡಿ 78,000 ನಿಮ್ಮ ಬ್ಯಾಂಕ್ ಖಾತೇಕ್ಕ ಬರತೈತಿ, ಅದು ಬಂದ ಮ್ಯಾಲ ನಿಮಗ ಬೀಳೂದು 1,17,000." ಆದ್ರ ಸಬ್ಸಿಡಿ ಕೆಲಸ ಮುಗದು ಮೀಟರ್ ಕೂತ ಮ್ಯಾಲ ಬರತೈತಿ, ಮೊದಲ ಅಲ್ಲ, ಇದನ್ನ ಬಿಟ್ಟ ಹೇಳಿದ್ರ ಆಮ್ಯಾಲ ಜಗಳ. 2 ಕಿಲೋವ್ಯಾಟಿಗೆ ಸಬ್ಸಿಡಿ 60,000. ಅಂಗಡಿ, ಗಿರಣಿ ಮೀಟರ್ ಆದ್ರ ಈ ಸಬ್ಸಿಡಿ ಇಲ್ಲ, ಮನಿಗೆ ಮಾತ್ರ.

"ಅಷ್ಟ ರೊಕ್ಕಾ ಇಲ್ಲ." "ತಿಳೀತ್ರಿ. ಬ್ಯಾಂಕಿನ್ಯಾಗ ಇದಕ್ಕ ಲೋನ್ ಐತಿ, ಕೇಳಿ ನೋಡ್ತೀರೇನು?" ಬಡ್ಡಿ ಎಷ್ಟಂತ ನೀವು ಹೇಳಬ್ಯಾಡ್ರಿ, ಬ್ಯಾಂಕಿನವರ ಹೇಳಲಿ. ಎರಡನೇ ಸಲಾ ಇಲ್ಲ ಅಂದ್ರ ಆ ಮಾತು ಅಲ್ಲಿಗೆ ಬಿಡ್ರಿ.

"ಕರೆಂಟ್ ಹೋದ್ರ ಸೋಲಾರ್ ಮ್ಯಾಲ ಮನಿ ನಡೀತೈತೇನು?" ಇಲ್ಲೆ ಭಾಳ ಮಂದಿ "ಹೌದ್ರಿ" ಅಂದ್ ಬಿಡ್ತೀರಿ, ಅದು ಸುಳ್ಳು. "ಇಲ್ರಿ. ಬ್ಯಾಟರಿ ಇಲ್ಲದ ಸಿಸ್ಟಮ್ ಲೈನಿನ್ಯಾಗ ಕರೆಂಟ್ ಹೋದ್ರ ತಾನೂ ಬಂದ್ ಆಗತೈತಿ. ಕಂಬದ ಮ್ಯಾಲ ಲೈನ್‌ಮನ್ ಕೆಲಸ ಮಾಡತಿರ್ತಾನ, ನಮ್ಮ ಮನಿ ಕರೆಂಟ್ ಹೊಳ್ಳಿ ಲೈನಿಗೆ ಹೋದ್ರ ಅವನ ಜೀವಕ್ಕ ಅಪಾಯ, ಅದಕ್ಕ ಹಂಗ ಮಾಡಿರ್ತಾರ. ನಿಮಗ ಕರೆಂಟ್ ಹೋದಾಗ ಬೇಕಂದ್ರ ಬ್ಯಾಟರಿ ಬ್ಯಾರೆ ಬೇಕ್ರಿ, ರೇಟೂ ಏರತೈತಿ." ಲೈನ್‌ಮನ್ ಮಾತು ಹೇಳಿದ್ರ ಮಂದಿ ಒಪ್ಪತಾರ, ನಾ ಹೇಳಿ ನೋಡೇನಿ.

"ಮಳಿಗಾಲದಾಗ ಏನ್ ಬರತೈತಿ?" "ಕಡಿಮಿ ಬರತೈತ್ರಿ, ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತೇ ಐತಿ. ಬಿಸಲಿದ್ದಾಗ 3 ಕಿಲೋವ್ಯಾಟಿಗೆ ದಿನಕ್ಕ 12 ಯುನಿಟ್ ಸುಮಾರು. ಹೆಚ್ಚಾಗಿದ್ದು ಲೈನಿಗೆ ಹೋಗತೈತಿ, ನೆಟ್ ಮೀಟರ್ ಲೆಕ್ಕಾ ಇಡತೈತಿ." ಧೂಳಿನ ಮಾತು ಬಂದ್ರ, ಗದಗ ಕಡೆಯವರು ಕೇಳೇ ಕೇಳ್ತಾರ, ಪ್ಯಾನಲ್ ಆಗಾಗ ನೀರ್ ಹಾಕಿ ಒರಸಬೇಕು ಅಂತ ಮೊದಲ ಹೇಳಿಬಿಡ್ರಿ.

"ನನ್ನ ನಂಬರ್ ಎಲ್ಲೆ ಸಿಕ್ತು? ಲಿಂಕ್ ಕಳಸಿ ರೊಕ್ಕಾ ಹೊಡೀತೀರೇನು?" ಸಿಟ್ಟಿಗೆ ಬರಬ್ಯಾಡ್ರಿ, ಅವರ ಹೆದರಿಕಿ ಖರೇ ಐತಿ. ಲಿಸ್ಟ್ ಎಲ್ಲಿದು ಅಂತ ಹಾಳಿ ಮ್ಯಾಲ ಬರದಿರತೈತಿ, ಇದ್ದದ್ದು ಹೇಳ್ರಿ: "ಕೃಷಿ ಮೇಳದಾಗ ನಮ್ಮ ಸ್ಟಾಲ್‌ಗೆ ಬಂದು ಬರದು ಹೋಗಿದ್ರಿ ಸರ್. ಲಿಂಕ್ ಕಳಸೂದಿಲ್ಲ, ಓಟಿಪಿ ಕೇಳೂದಿಲ್ಲ, ಫೋನಿನ್ಯಾಗ ರೊಕ್ಕಾ ಕೇಳೂದಿಲ್ಲ. ಬೇಕಂದ್ರ ಅಂಗಡಿಗೇ ಬಂದ್ ನೋಡ್ರಿ." ಹೊಳ್ಳಿ ಮಾಡಬ್ಯಾಡ್ರಿ ಅಂದ್ರ "ತಪ್ಪಾತ್ರಿ, ನಂಬರ್ ತಗಸ್ತೇನಿ" ಅಂತ ಹೇಳಿ, ಅಂದ ಸಂಜಿಕ ಲಿಸ್ಟಿನಿಂದ ತಗೀರಿ.

"ಮಗನ್ನ ಕೇಳಬೇಕು, ಬೆಂಗಳೂರಾಗ ಅದಾನ." ಇದು ನೆಪಾ ಅಂತ ತಿಳಕೋಬ್ಯಾಡ್ರಿ, ನಮ್ಮ ಕಡೆ ಇಷ್ಟ ರೊಕ್ಕದ ಕೆಲಸಾ ಮಗನ್ನ ಕೇಳದ ಯಾರ ಮಾಡ್ತಾರ? "ಕೇಳ್ರಿ ಸರ್, ಕೇಳಬೇಕಾದ್ದ. ರೇಟಿಂದು, ಸಬ್ಸಿಡಿದು ಒಂದ್ ಹಾಳಿ ವಾಟ್ಸಾಪ್ ಮಾಡ್ಲೇನ್ರಿ, ಅವರಿಗೆ ತೋರಿಸಾಕ ಬರತೈತಿ? ಅವರು ಊರಿಗೆ ಯಾವಾಗ ಬರ್ತಾರ?" ಹಬ್ಬಕ್ಕ ಅಂದ್ರ ಆ ತಾರೀಖು ಬರಕೋರಿ, ಮಗ ಇದ್ದಾಗ ನಮ್ಮ ಹುಡುಗ ಹೋಗಿ ಮಾಳಗಿ ಅಳತಿ ಮಾಡಲಿ.

ಮುಗಸೂದು

ಫೋನಿನ್ಯಾಗ ಮಾರಾಕ ಹೋಗಬ್ಯಾಡ್ರಿ, ನಮಗ ಬೇಕಾಗಿದ್ದು ಮಾಳಗಿ ನೋಡಾಕ ಒಂದ್ ಟೈಮ್. "ನಮ್ಮ ಹುಡುಗ ಬಂದು ಜಾಗಾ ನೋಡ್ತಾನ್ರಿ, 3 ಕಿಲೋವ್ಯಾಟಿಗೆ 300 ಸ್ಕ್ವೇರ್ ಫೀಟ್ ಸುಮಾರು ಬೇಕು, ನೋಡಿದ್ದಕ್ಕ ರೊಕ್ಕಾ ಇಲ್ಲ. ಶನಿವಾರ ಸಂಜಿಕ ಇರ್ತೀರೋ, ರವಿವಾರ ಮುಂಜಾನಿ ಅನುಕೂಲ ಆಗತೈತೋ? ಹಳೇ ಬಿಲ್ ಒಂದ್ ತಗದ ಇಟ್ಟಿರ್ರಿ."

ಇಟ್ಟ ಕೂಡ್ಲೆ ರಜಿಸ್ಟರ್‌ನ್ಯಾಗ ಅವರು ಅಂದ ಮಾತು ಅವರು ಅಂದಂಗ ಬರೀರಿ, "ಇಂಟ್ರೆಸ್ಟ್ ಇಲ್ಲ" ಅಂತ ಬರದ್ರ ನನಗೇನೂ ತಿಳಿಯೂದಿಲ್ಲ. "ಮಾಳಗಿ ಸೋರತೈತಿ, ಮೊದಲ ಅದನ್ನ ಮಾಡಸಬೇಕು ಅಂದ್ರು" ಅಂತ ಬರದ್ರ ಮೂರ್ ತಿಂಗಳ ಬಿಟ್ಟು "ಮಾಳಗಿ ರಿಪೇರಿ ಆತೇನ್ರಿ?" ಅಂತ ಮಾತು ಶುರು ಮಾಡಾಕ ಬರತೈತಿ. ಇದರಾಗ ಇಲ್ಲದ ಹೊಸಾ ಮಾತು ಯಾರರ ಅಂದ್ರ ಅದನ್ನೂ ಬರೀರಿ, ಶನಿವಾರ ಚಾದ ಟೈಮಿಗೆ ಎಲ್ಲಾರೂ ಕುಂತು ಉತ್ತರ ಹುಡುಕಿ ಇದಕ್ಕ ಸೇರಸೂಣು. ಆ ಮಾಸ್ತರ್ರಿಗೆ ಮಂಗಳವಾರ ನಾನ ಫೋನ್ ಮಾಡ್ತೇನಿ, ಅವತ್ತು ಮಾಳಗಿ ಬಗ್ಗೆ ಏನ್ ಕೇಳಾಕ ಹೊಂಟಿದ್ರಿ ಅಂತ.