ಬೆಂಗಳೂರು – ಕಲಬುರಗಿ – ಬಸವಕಲ್ಯಾಣ – ಬೀದರ್: ಫೆಬ್ರುವರಿ 14ರಿಂದ 18ರ ತನಕ, ದಿನವಾರು ಪಟ್ಟಿ

ಮಾವ, ಅತ್ತೆ, ಅಜ್ಜಿ ಮತ್ತು ಹೈದರಾಬಾದಿನಿಂದ ಬರುವ ಭಾಮೈದನಿಗೆ.

ಗುಂಪಿನಲ್ಲಿ ಬಂದಿದ್ದ ರೈಲಿನ ಮೂರು ಎಸ್ಸೆಮ್ಮೆಸ್, ಬೀದರ್ ರೂಮಿನ ವೋಚರ್, ಗಾಡಿಯವರ ವಾಟ್ಸಾಪ್, ಬಸ್ಸಿನ ಎರಡು ಟಿಕೆಟ್, ಕ್ಯಾಬಿನ ಮೆಸೇಜು ಎಲ್ಲ ಒಂದು ಕಡೆ ಸೇರಿಸಿದ್ದೇನೆ. ಸಮಯ ಪೂರ್ತಿ 24 ಗಂಟೆಯ ಲೆಕ್ಕದಲ್ಲಿದೆ. 05:15 ಅಂದರೆ ನಸುಕು, 17:15 ಅಂದರೆ ಸಂಜೆ. ಹಳೆಯ ಮೆಸೇಜಿಗೂ ಈ ಪಟ್ಟಿಗೂ ವ್ಯತ್ಯಾಸ ಕಂಡರೆ ಈ ಪಟ್ಟಿಯನ್ನೇ ಹಿಡಿಯಿರಿ.

ಮೊದಲು ಒಂದು ಮಾತು: ಫೆಬ್ರುವರಿ 13ಕ್ಕೆ ತೆಗೆಸಿದ್ದ ವೇಟಿಂಗ್ ಲಿಸ್ಟ್ ಟಿಕೆಟ್ ರದ್ದಾಗಿದೆ, ಆದರೆ ಅದರ ಎಸ್ಸೆಮ್ಮೆಸ್ ಗುಂಪಿನಲ್ಲಿ ಇನ್ನೂ ಇದೆ. ಅದರ PNR 4498 ಎಂದು ಶುರುವಾಗುತ್ತದೆ. ದಯವಿಟ್ಟು ಎಲ್ಲರೂ ಅದನ್ನು ಅಳಿಸಿಬಿಡಿ. ಟಿ.ಟಿ.ಇ. ಮುಂದೆ ಅವಸರದಲ್ಲಿ ಅದೇ ತೋರಿಸಿದರೆ ಟಿಕೆಟ್ ಇಲ್ಲವೆಂದೇ ಲೆಕ್ಕ.

ಶುಕ್ರವಾರ, 14 ಫೆಬ್ರುವರಿ 2025: ಬೆಂಗಳೂರಿನಿಂದ ಕಲಬುರಗಿಗೆ

12:15 – ವಿಜಯನಗರದ ಮನೆ ಬಾಗಿಲಿಗೆ ಕ್ಯಾಬ್. ಬುಕಿಂಗ್ ನಂಬರ್ CRN 7718204356. ನಾಲ್ಕು ಅಂಕಿಯ ಒಟಿಪಿ ಗಾಡಿ ಬಂದಾಗ ಮಾವನ ಫೋನಿಗೆ ಬರುತ್ತದೆ. 12:30 ಆದರೂ ಗಾಡಿ ಬರದಿದ್ದರೆ ಕಾಯುತ್ತ ಕೂರಬೇಡಿ. ವಿಜಯನಗರದಿಂದ ಬೈಯಪ್ಪನಹಳ್ಳಿಗೆ ನೇರಳೆ ಮೆಟ್ರೋ ಒಂದೇ ಲೈನು, ಎಲ್ಲೂ ಬದಲಾಯಿಸಬೇಕಿಲ್ಲ. ಅಲ್ಲಿಳಿದು ಸ್ಟೇಷನ್ನಿಗೆ ಆಟೋ ಹಿಡಿಯಿರಿ.

13:40ರೊಳಗೆ – ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಬೈಯಪ್ಪನಹಳ್ಳಿ. ಟಿಕೆಟ್ಟಿನಲ್ಲಿ SMVB ಎಂದಿರುವುದು ಇದೇ. ಮೆಜೆಸ್ಟಿಕ್ ಸ್ಟೇಷನ್ ಅಲ್ಲ. ಕ್ಯಾಬಿನವರಿಗೆ ಬರೀ "ರೈಲ್ವೆ ಸ್ಟೇಷನ್" ಎಂದರೆ ಮೆಜೆಸ್ಟಿಕ್‌ಗೆ ಕರೆದೊಯ್ಯುತ್ತಾರೆ. ಅಲ್ಲಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ರೈಲು ತಪ್ಪುತ್ತದೆ.

14:40 – ವಂದೇ ಭಾರತ್, ನಂಬರ್ 22232, ಚೇರ್ ಕಾರ್.

ಮಾವ, ಅತ್ತೆ: PNR 4512876093, ಕೋಚ್ C4, ಸೀಟು 41 ಮತ್ತು 42.
ಅಜ್ಜಿ: PNR 4512880417, ಕೋಚ್ C6, ಸೀಟು 17.

ಅಜ್ಜಿಯ ಟಿಕೆಟ್ ಮರುದಿನ ಬೇರೆಯಾಗಿ ತೆಗೆದದ್ದರಿಂದ ಕೋಚೇ ಬೇರೆ ಬಂದಿದೆ. ಮೂವರೂ C4 ಹತ್ತಿರವೇ ಹತ್ತಿರಿ, ಅಜ್ಜಿಯನ್ನು ಮಾವನ ಸೀಟಿನಲ್ಲಿ ಅತ್ತೆಯ ಪಕ್ಕ ಕೂರಿಸಿ, ಮಾವ C6ರ 17ಕ್ಕೆ ಹೋಗಲಿ. ಒಳಗಿಂದೊಳಗೇ ನಡೆದು ಹೋಗಬಹುದು. ಟಿ.ಟಿ.ಇ. ಬಂದಾಗ ಹೇಳಲು ಎರಡೂ PNR ಇಬ್ಬರ ಫೋನಿನಲ್ಲೂ ಇರಲಿ. ಮೂವರ ಗುರುತಿನ ಚೀಟಿಯ ಮೂಲ ಪ್ರತಿ ಅತ್ತೆಯ ಕೈಚೀಲದಲ್ಲಿರಲಿ. ಈ ರೈಲಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ನೀರಿನ ಬಾಟಲಿಗೆಂದು ನಡುವಿನ ನಿಲ್ದಾಣಗಳಲ್ಲಿ ಯಾರೂ ಕೆಳಗಿಳಿಯಬೇಡಿ.

23:30 – ಕಲಬುರಗಿ, ಟಿಕೆಟ್ಟಿನಲ್ಲಿ KLBG. ಇದೇ ಕೊನೆಯ ನಿಲ್ದಾಣ, ಆದ್ದರಿಂದ ಇಳಿಯಲು ಅವಸರ ಬೇಡ. ಅಜ್ಜಿಯನ್ನು ಕೊನೆಗೆ ನಿಧಾನ ಇಳಿಸಿ. ನಾನು C4 ಹತ್ತಿರ ಪ್ಲಾಟ್‌ಫಾರ್ಮಿನಲ್ಲಿಯೇ ಇರುತ್ತೇನೆ. ಮನೆ ಜೇವರ್ಗಿ ಕಾಲೋನಿ, ಕಲಬುರಗಿ 585102. ಅವ್ವ ಬಿಸಿ ಅನ್ನ, ಸಾರು ಇಟ್ಟಿರುತ್ತಾಳೆ. ರೈಲಿನಲ್ಲಿ ಊಟ ಆಗಿದ್ದರೆ ರಾಯಚೂರು ದಾಟಿದ ಮೇಲೆ ಒಂದು ಮೆಸೇಜು ಹಾಕಿ, ಆಕೆ ಕಾಯುವುದು ತಪ್ಪುತ್ತದೆ.

ಶನಿವಾರ, 15 ಫೆಬ್ರುವರಿ: ಕಲಬುರಗಿಯಲ್ಲಿ

ಯಾವ ಬುಕಿಂಗೂ ಇಲ್ಲ, ಕೋಡೂ ಇಲ್ಲ. ಹಿಂದಿನ ರಾತ್ರಿ ತಡವಾಗಿರುವುದರಿಂದ ಮುಂಜಾನೆ ಎಬ್ಬಿಸುವುದಿಲ್ಲ.

10:30 – ಶರಣಬಸವೇಶ್ವರ ದೇವಸ್ಥಾನ. ಅಲ್ಲಿಂದ ಕೋಟೆ. ಒಳಗಿನ ಜಾಮಾ ಮಸೀದಿ 1367ರದ್ದು. ಅಂಗಳವಿಲ್ಲದೆ ಪೂರ್ತಿ ಚಾವಣಿಯ ಕೆಳಗಿರುವ ಮಸೀದಿ, ಮಾವ ನೋಡಲೇಬೇಕು. ಮಧ್ಯಾಹ್ನದ ಊಟ, ನಿದ್ದೆ ಮನೆಯಲ್ಲಿ. 16:30ಕ್ಕೆ ಬುದ್ಧ ವಿಹಾರ. ಹಿಂದಿರುಗುವಾಗ ಇಷ್ಟವಿದ್ದವರು ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೋಗಬಹುದು.

21:00ಕ್ಕೆ ಚೀಲ ಕಟ್ಟಿ ಮುಗಿಸಬೇಕು. ಬೀದರಿಗೆ ಒಂದು ರಾತ್ರಿಯ ಬಟ್ಟೆ ಸಾಕು, ದೊಡ್ಡ ಸೂಟ್‌ಕೇಸು ಇಲ್ಲೇ ಇರಲಿ. ಆರು ಜನ ಕೂತರೆ ಇನ್ನೋವಾದ ಹಿಂಬದಿಯಲ್ಲಿ ಸಾಮಾನಿಗೆ ಉಳಿಯುವ ಜಾಗ ಬಹಳ ಕಡಿಮೆ.

ಭಾನುವಾರ, 16 ಫೆಬ್ರುವರಿ: ಬಸವಕಲ್ಯಾಣ, ಬೀದರ್

06:30 – ಇನ್ನೋವಾ ಮನೆಗೆ ಬರುತ್ತದೆ. ಬುಕಿಂಗ್ ನಂಬರ್ KB-1602-38. ಗಾಡಿಯವರ ಮೊದಲ ಮೆಸೇಜಿನಲ್ಲಿ ತಾರೀಕು 15 ಎಂದಿತ್ತು. ಫೋನಿನಲ್ಲಿ ಮಾತಾಡಿ 16 ಎಂದು ಬರೆಸಿಕೊಂಡಿದ್ದೇನೆ. ತಿದ್ದಿದ ಮೆಸೇಜು 9 ಫೆಬ್ರುವರಿಯದು, ಅದಕ್ಕೆ ಗುಂಪಿನಲ್ಲಿ ನಕ್ಷತ್ರ ಹಾಕಿದೆ.

ಲೆಕ್ಕ: ಕಿ.ಮೀ.ಗೆ ₹18, ದಿನಕ್ಕೆ ಕನಿಷ್ಠ 300 ಕಿ.ಮೀ. ಎರಡು ದಿನಕ್ಕೆ 600 ಕಿ.ಮೀ., ₹10,800. ಡ್ರೈವರ್ ಬಾಟಾ ದಿನಕ್ಕೆ ₹500ರಂತೆ ₹1,000. ಒಟ್ಟು ₹11,800. ಮುಂಗಡ ₹3,000 ಕೊಟ್ಟಾಗಿದೆ, ಬಾಕಿ ₹8,800. ಟೋಲು, ಪಾರ್ಕಿಂಗು ಬೇರೆ. ನಮ್ಮ ಓಡಾಟ 600 ಕಿ.ಮೀ. ಮುಟ್ಟುವುದಿಲ್ಲ, ಆದ್ದರಿಂದ ಬೀದರಿನ ಒಳಗೆ ಬೇರೆ ಆಟೋ ಮಾಡುವುದು ದಂಡ. ಎಲ್ಲ ಕಡೆಗೂ ಇದೇ ಗಾಡಿ.

08:00 – ಹುಮನಾಬಾದ್, ನಾಷ್ಟಾ. ಅಜ್ಜಿಯ ಮುಂಜಾನೆಯ ಗುಳಿಗೆ ಊಟದ ನಂತರದ್ದಾದ್ದರಿಂದ ಇಲ್ಲಿಯೇ ಕೊಡಬೇಕು.

09:15 – ಬಸವಕಲ್ಯಾಣ. ಮೊದಲು ಬಸವೇಶ್ವರ ದೇವಸ್ಥಾನ, ಆಮೇಲೆ ಕೋಟೆ, ಕೊನೆಗೆ 108 ಅಡಿಯ ಬಸವಣ್ಣನ ಮೂರ್ತಿ. ಕೋಟೆಗೆ ಮಾವ ಹೋಗಲಿ. ಅತ್ತೆ, ಅಜ್ಜಿ ದೇವಸ್ಥಾನದಲ್ಲಿ ಕೂತಿರಬಹುದು. ಹತ್ತು ದಾಟಿದರೆ ಕೋಟೆಯ ಕಲ್ಲು ಕಾಯುತ್ತದೆ, ಅದಕ್ಕೇ ಮುಂಜಾನೆ ಇಷ್ಟು ಬೇಗ ಹೊರಡುವುದು.

11:30 – ಬೀದರ್ ಕಡೆಗೆ.

ಇಷ್ಟರಲ್ಲಿ ಭಾಮೈದ: 07:00ಕ್ಕೆ ಹೈದರಾಬಾದ್ ಎಂಜಿಬಿಎಸ್‌ನಿಂದ ಟಿಜಿಎಸ್‌ಆರ್‌ಟಿಸಿ ಬಸ್, ಟಿಕೆಟ್ TG84120967, ಸೀಟು 9. 06:30ಕ್ಕೇ ಅಲ್ಲಿರಬೇಕು. 11:00ರ ಸುಮಾರಿಗೆ ಬೀದರ್ ಬಸ್ ನಿಲ್ದಾಣ, ಉದಗೀರ ರಸ್ತೆ. ರೂಮೂ ಅದೇ ರಸ್ತೆಯಲ್ಲಿ. ನಾವು ಎರಡು ತಾಸು ತಡವಾಗಿ ಬರುತ್ತೇವೆ, ಅವನೇ ಚೆಕ್-ಇನ್ ಮಾಡಲಿ. ಬುಕಿಂಗ್ ನನ್ನ ಹೆಸರಿನಲ್ಲಿರುವುದರಿಂದ ನನ್ನ ಆಧಾರ್ ಪ್ರತಿಯನ್ನು, ಅವನೇ ಚೆಕ್-ಇನ್ ಮಾಡುತ್ತಾನೆಂಬ ನನ್ನ ಮೆಸೇಜನ್ನು ಅವನ ಫೋನಿಗೆ ಕಳಿಸಿದ್ದೇನೆ. ಹೋಟೆಲಿಗೂ ಫೋನಿನಲ್ಲಿ ಹೇಳಿದೆ.

12:00ರ ನಂತರ – ಹೋಟೆಲ್ ಮಯೂರ ಬರೀದ್ ಶಾಹಿ, ಉದಗೀರ ರಸ್ತೆ, ಬೀದರ್ 585401. ಎರಡು ಹಾಸಿಗೆಯ ಮೂರು ರೂಮು, ಒಂದು ರಾತ್ರಿ, ಹಣ ಪೂರ್ತಿ ಕಟ್ಟಿದೆ. ವೋಚರ್ ಕೋಡ್ B16-3R-O42. ಗಮನಿಸಿ: ಕೊನೆಯ ಭಾಗದಲ್ಲಿ ಮೊದಲಿರುವುದು ಇಂಗ್ಲಿಷಿನ ಓ ಅಕ್ಷರ, ಸೊನ್ನೆ ಅಲ್ಲ. ಫೋನಿನಲ್ಲಿ ಸೊನ್ನೆ ಎಂದು ಓದಿ ಹೇಳಿದಾಗ ಬುಕಿಂಗ್ ಸಿಗಲಿಲ್ಲ. ಒಂದು ರೂಮು ನೆಲಮಹಡಿಯಲ್ಲಿ ಬೇಕೆಂದು ಅಜ್ಜಿಗಾಗಿ ಕೇಳಿದ್ದೇವೆ. ಅದು ವೋಚರಿನಲ್ಲಿ ಬರೆದಿಲ್ಲ, ಬಾಯಿಮಾತು ಮಾತ್ರ. ಆದ್ದರಿಂದ ಕೀಲಿ ತೆಗೆದುಕೊಳ್ಳುವ ಮುಂಚೆಯೇ ಭಾಮೈದ ಕೇಳಬೇಕು. ರೂಮು ಹಂಚಿದ ಮೇಲೆ ಬದಲಾಯಿಸುವುದು ಕಷ್ಟ, ಭಾನುವಾರ ಬೇರೆ.

13:30 – ಎಲ್ಲರೂ ಸೇರಿ ಊಟ, ಸ್ವಲ್ಪ ಅಡ್ಡಾಗುವುದು.

15:30 – ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಉಳಿದಿರುವ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚು ಇನ್ನೂ ಕಾಣುತ್ತದೆ. ಇಪ್ಪತ್ತೈದು ನಿಮಿಷ ಸಾಕು.

16:10 – ಬೀದರ್ ಕೋಟೆ, ಸೂರ್ಯಾಸ್ತದ ತನಕ. ಗಾಡಿ ಕೋಟೆಯ ಒಳಗೆ ಹೋಗುತ್ತದೆ, ಅಜ್ಜಿ ದರವಾಜೆಯಿಂದ ನಡೆಯಬೇಕಿಲ್ಲ. ಸೋಲಾ ಖಂಬಾ ಮಸೀದಿಯ ಮುಂದಿನ ತೋಟದಲ್ಲಿ ಅತ್ತೆ, ಅಜ್ಜಿ ಕೂರಲಿ. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ, ಅಲ್ಲಿನ ಕಾವಲುಗಾರರನ್ನು ಕೇಳಿ ತೆಗೆಸಬೇಕು. ಒಳಗಿನ ಚಿಪ್ಪಿನ ಕುಸುರಿ ನೋಡದೆ ಬಂದರೆ ಬೀದರಿಗೆ ಬಂದದ್ದು ಅರ್ಧವೇ. ಆದ್ದರಿಂದ ಕೋಟೆಯಲ್ಲಿ ಮೊದಲು ಅದು, ಉಳಿದದ್ದು ಆಮೇಲೆ. ಸಂಜೆಯಾದರೆ ಕೀಲಿಯವರು ಸಿಗುವುದಿಲ್ಲ.

ಸೋಮವಾರ, 17 ಫೆಬ್ರುವರಿ: ಬೀದರ್, ಮರಳಿ ಕಲಬುರಗಿ

06:30 – ಝರಣಿ ನರಸಿಂಹ, ಹೋಗುವವರು ಮಾತ್ರ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ಅಜ್ಜಿಗೆ ಬೇಡವೇ ಬೇಡ. ಮಂಡಿನೋವಿರುವ ಮಾವನಿಗೂ ಬೇಡವೆಂದೇ ನನ್ನ ಅಭಿಪ್ರಾಯ. ಹೋಗುವವರು ಒಂದು ಜೊತೆ ಒಣಬಟ್ಟೆ ಗಾಡಿಯಲ್ಲಿಡಿ, ಫೋನು ಹೊರಗಿರುವವರ ಕೈಗೆ ಕೊಡಿ.

08:30 – ನಾಷ್ಟಾ. 09:15ಕ್ಕೆ ಅಷ್ಟೂರಿನ ಬಹಮನಿ ಗುಂಬಜಗಳು, 10:15ಕ್ಕೆ ಗುರುನಾನಕ್ ಝೀರಾ. ಝೀರಾದಲ್ಲಿ ತಲೆಗೆ ಬಟ್ಟೆ ಬೇಕು.

11:00 – ಚೌಬಾರಾ ಹತ್ತಿರ ಬಿದರಿ ಅಂಗಡಿ. ಅತ್ತೆ ಕೇಳಿದ್ದ ಕುಂಕುಮದ ಡಬ್ಬಿಗೆ ಇಲ್ಲಿ ಮುಕ್ಕಾಲು ತಾಸು ಇಟ್ಟಿದ್ದೇನೆ.

12:00ರೊಳಗೆ – ರೂಮು ಖಾಲಿ. ಅಂಗಡಿಗೆ ಹೊರಡುವ ಮುಂಚೆಯೇ ಚೀಲ ಕಟ್ಟಿರಬೇಕು.

13:30 – ಭಾಮೈದನ ಬಸ್, ಬೀದರ್ ನಿಲ್ದಾಣದಿಂದ ಹೈದರಾಬಾದಿಗೆ. ಕೆಕೆಆರ್‌ಟಿಸಿ, PNR K7052318, ಸೀಟು 14. 17:30ರ ಹೊತ್ತಿಗೆ ಎಂಜಿಬಿಎಸ್.

14:00 – ಊಟ ಮುಗಿಸಿ ನಾವು ಕಲಬುರಗಿಗೆ. 17:00ರೊಳಗೆ ಮನೆ. ಗಾಡಿಯವರಿಗೆ ಬಾಕಿ ₹8,800 ಮತ್ತು ಟೋಲು ಇಳಿಯುವಾಗಲೇ ಕೊಡುತ್ತೇನೆ. ರಾತ್ರಿ ಊಟ 19:30ಕ್ಕೇ, ಮಲಗುವುದು 21:00ಕ್ಕೆ.

ಮಂಗಳವಾರ, 18 ಫೆಬ್ರುವರಿ: ಬೆಂಗಳೂರಿಗೆ

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗಬಹುದಾದ ದಿನ ಇದು. ಗಾಡಿಯವರು "17 ರಾತ್ರಿ 4:30ಕ್ಕೆ ಸ್ಟೇಷನ್ ಡ್ರಾಪ್" ಎಂದು ಬರೆದಿದ್ದರು. ನಮ್ಮ ಬಾಯಲ್ಲಿ ಅದು ಸರಿಯೇ, ಆದರೆ ತಾರೀಕಿನ ಪ್ರಕಾರ ಅದು 18. ಡ್ರೈವರ್ ಬೇರೆಯವರಾದರೆ ಒಂದು ದಿನ ಮುಂಚೆಯೇ, ನಾವು ಬೀದರಿನಲ್ಲಿರುವಾಗ, ಮನೆ ಮುಂದೆ ಬಂದು ನಿಲ್ಲುತ್ತಾರೆ. "18 ಮಂಗಳವಾರ ನಸುಕು 04:30" ಎಂದು ವಾರ ಸಮೇತ ಮತ್ತೆ ಬರೆಸಿದ್ದೇನೆ. ಬುಕಿಂಗ್ KB-1802-05, ₹400, ಬೀದರ್ ಲೆಕ್ಕದಲ್ಲಿ ಸೇರಿಲ್ಲ. ಗಾಡಿ 04:40ಕ್ಕೂ ಬರದಿದ್ದರೆ ನನ್ನ ಸ್ಕೂಟರು, ಅಪ್ಪನ ಕಾರು ತಯಾರಿರುತ್ತವೆ.

03:45 – ಏಳುವುದು. ರೊಟ್ಟಿ, ಶೇಂಗಾ ಚಟ್ನಿ ಅವ್ವ ಕಟ್ಟಿಕೊಡುತ್ತಾಳೆ.

05:15 – ವಂದೇ ಭಾರತ್ 22231, ಕಲಬುರಗಿಯಿಂದಲೇ ಹೊರಡುವುದು. PNR 8340916275, ಕೋಚ್ C3, ಸೀಟು 21, 22, 23. ಈ ಸಲ ಮೂವರೂ ಒಂದೇ ಟಿಕೆಟ್ಟಿನಲ್ಲಿ.

14:00 – ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. 14:30ಕ್ಕೆ ಕ್ಯಾಬ್, CRN 7718231190. ರೈಲು ತಡವಾದರೆ ಕ್ಯಾಬ್ ಕಾಯುವುದಿಲ್ಲ. ಯಲಹಂಕ ಬಂದಾಗ ಸಮಯ ನೋಡಿ, 14:15 ದಾಟುವಂತಿದ್ದರೆ ಅಲ್ಲಿಂದಲೇ ರದ್ದು ಮಾಡಿ ಇಳಿದ ಮೇಲೆ ಹೊಸದು ಮಾಡಿ.

ಎರಡೂ ಪ್ರಯಾಣದ ಹಿಂದಿನ ದಿನ ಸಂಜೆ ರೈಲಿನ ಸ್ಥಿತಿಯನ್ನು 139ಕ್ಕೆ ಫೋನ್ ಮಾಡಿ ನಾನು ನೋಡಿಕೊಳ್ಳುತ್ತೇನೆ. ಏನಾದರೂ ಬದಲಾದರೆ ಸಾಲು ತಿದ್ದಿ ಪೂರ್ತಿ ಪಟ್ಟಿಯನ್ನೇ ಮತ್ತೆ ಹಾಕುತ್ತೇನೆ, ತಲೆಬರಹದ ಪಕ್ಕ "ತಿದ್ದಿದ್ದು" ಎಂದೂ ತಾರೀಕೂ ಇರುತ್ತದೆ. ಅತ್ತೆಯವರಿಗಾಗಿ ದೊಡ್ಡ ಅಕ್ಷರದ ಒಂದು ಪ್ರತಿಯನ್ನು ಪ್ರಿಂಟ್ ತೆಗೆಸಿ ಗುರುತಿನ ಚೀಟಿಗಳ ಜೊತೆ ಇಟ್ಟುಕೊಳ್ಳಿ. ರೈಲಿನಲ್ಲಿ ಫೋನಿನ ಚಾರ್ಜು ಮುಗಿದರೂ PNR ಕೈಯಲ್ಲಿರುತ್ತದೆ.