ಶಾಖ ಮತ್ತು ಶಬ್ದ: ಎಂಟನೆಯ ತರಗತಿಯ ಆನ್‌ಲೈನ್ ರಸಪ್ರಶ್ನೆ, ಕನ್ನಡ ಮೂಲಪ್ರತಿ

ಮರಾಠಿ, ಉರ್ದು ಮತ್ತು ಇಂಗ್ಲಿಷ್ ಅನುವಾದಕರಿಗೆ: ಬೆಳಗಾವಿ ಜಿಲ್ಲೆಯ ನಾಲ್ಕೂ ಮಾಧ್ಯಮಗಳ ಮಕ್ಕಳು ಇದೇ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ನಾವು ಅಳೆಯುತ್ತಿರುವುದು ವಿಜ್ಞಾನವನ್ನು. ಭಾಷೆಯ ಕಾರಣಕ್ಕೆ ಒಂದು ಮಗುವಿಗೆ ಸುಳಿವು ಸಿಗುವುದೂ ಬೇಡ, ಇನ್ನೊಂದು ಮಗು ಎಡವುವುದೂ ಬೇಡ. ಒಗಟು, ಗಾದೆ, ಅಕ್ಷರ ಎಣಿಸುವ ಪ್ರಶ್ನೆಗಳನ್ನು ಅದಕ್ಕಾಗಿಯೇ ಕೈಬಿಟ್ಟಿದ್ದೇನೆ. ಆಯ್ಕೆಗಳ ಕ್ರಮ ಪ್ರತಿ ಮಗುವಿಗೂ ಬದಲಾಗುತ್ತದೆ. ಆದ್ದರಿಂದ ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಎಲ್ಲಿಯೂ ಇಲ್ಲ, ವಿವರಣೆಯಲ್ಲಿ ‘ಎರಡನೆಯದು ಸರಿ’ ಎಂದೂ ಬರೆಯಬೇಡಿ.

ಪ್ರಶ್ನೆ 1. ಒಂದೇ ಅಳತೆಯ ಎರಡು ಮಣ್ಣಿನ ಮಡಕೆಗಳಲ್ಲಿ ನೀರು ತುಂಬಿ ನೆರಳಿನಲ್ಲಿ ಇಟ್ಟಿದ್ದಾರೆ. ಒಂದರ ಹೊರಮೈಗೆ ಪೂರ್ತಿ ಎಣ್ಣೆಬಣ್ಣ ಬಳಿದಿದೆ, ಇನ್ನೊಂದಕ್ಕೆ ಬಳಿದಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾವ ಮಡಕೆಯ ನೀರು ಹೆಚ್ಚು ತಂಪಾಗಿರುತ್ತದೆ?
- ಬಣ್ಣ ಬಳಿದ ಮಡಕೆಯದು
- ಬಣ್ಣ ಬಳಿಯದ ಮಡಕೆಯದು ✔
- ಎರಡರದೂ ಒಂದೇ

ವಿವರಣೆ: ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಮಡಕೆಯಿಂದ ಮತ್ತು ಒಳಗಿನ ನೀರಿನಿಂದ ಪಡೆಯುತ್ತದೆ. ಬಣ್ಣ ಆ ರಂಧ್ರಗಳನ್ನು ಮುಚ್ಚುತ್ತದೆ.

ಪ್ರಶ್ನೆ 2. ಕೆಳಗಿನವುಗಳಲ್ಲಿ ಯಾವ ವಸ್ತುವಿನ ಮೂಲಕ ಶಾಖ ಅತಿ ಬೇಗ ಸಾಗುತ್ತದೆ?
- ಗಾಜು
- ತಾಮ್ರ ✔
- ಮರ
- ರಬ್ಬರ್

ಅನುವಾದಕರಿಗೆ: ಈ ಪುಟ್ಟ ಪ್ರಶ್ನೆಯಲ್ಲೇ ಹೆಚ್ಚು ಎಚ್ಚರ ಬೇಕು. ಕನ್ನಡದಲ್ಲಿ ನಾಲ್ಕೂ ನಪುಂಸಕಲಿಂಗ. ಮರಾಠಿಯಲ್ಲಿ ಹಾಗಲ್ಲ: ‘ಕಾಚ’ ಸ್ತ್ರೀಲಿಂಗ, ‘ತಾಂಬೆ’ ನಪುಂಸಕಲಿಂಗ. ಪ್ರಶ್ನೆಯನ್ನು ‘ಕೋಣತೇ’ ಎಂದು ಮುಗಿಸಿದರೆ ಗಾಜು ತಾನಾಗಿಯೇ ಪಟ್ಟಿಯಿಂದ ಹೊರಬೀಳುತ್ತದೆ, ಮಗು ವಿಜ್ಞಾನ ಯೋಚಿಸದೆಯೇ ಉತ್ತರದ ಹತ್ತಿರ ಬರುತ್ತದೆ. ಉರ್ದುವಿನಲ್ಲೂ ಇದೇ ಅಪಾಯವಿದೆ. ‘ಯಾವ ವಸ್ತುವಿನ ಮೂಲಕ’ ಎಂಬ ರೂಪವನ್ನೇ ಉಳಿಸಿಕೊಳ್ಳಿ. ಆಗ ಪ್ರಶ್ನಪದ ‘ವಸ್ತು’ವಿಗೆ ಹೊಂದಿಕೊಳ್ಳುತ್ತದೆಯೇ ಹೊರತು ಉತ್ತರಕ್ಕಲ್ಲ.

ಪ್ರಶ್ನೆ 3. ಒಲೆಯ ಮೇಲಿನ ಕಾದ ಕಬ್ಬಿಣದ ಹಂಚನ್ನು ದಪ್ಪ ಒಣಬಟ್ಟೆಯಿಂದ ಹಿಡಿದರೆ ಕೈ ಕೂಡಲೇ ಸುಡುವುದಿಲ್ಲ. ಅದೇ ಬಟ್ಟೆ ಒದ್ದೆಯಾಗಿದ್ದರೆ ಬೇಗ ಸುಡುತ್ತದೆ. ಏಕೆ?
- ಒದ್ದೆ ಬಟ್ಟೆ ಹಂಚಿನ ಶಾಖವನ್ನು ಇನ್ನಷ್ಟು ಹೆಚ್ಚಿಸುತ್ತದೆ
- ಗಾಳಿಗಿಂತ ನೀರಿನಲ್ಲಿ ಶಾಖ ಬೇಗ ಸಾಗುತ್ತದೆ ✔
- ಒದ್ದೆ ಬಟ್ಟೆ ಒಣಬಟ್ಟೆಗಿಂತ ಭಾರವಾಗಿರುತ್ತದೆ

ವಿವರಣೆ: ಒಣಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಅದು ಶಾಖವನ್ನು ತಡೆಯುತ್ತದೆ. ಬಟ್ಟೆ ನೆಂದರೆ ಆ ಜಾಗವನ್ನು ನೀರು ತುಂಬುತ್ತದೆ. ಇದನ್ನು ಮನೆಯಲ್ಲಿ ಪರೀಕ್ಷಿಸಬೇಡಿ.

ಅನುವಾದಕರಿಗೆ: ಜೋಳದ ರೊಟ್ಟಿಯನ್ನು ಹೆಸರಿಸುವ ಆಸೆ ನನಗೂ ಇತ್ತು. ಆದರೆ ಎಲ್ಲರ ಮನೆಯಲ್ಲೂ ಇರುವುದು ಹಂಚು, ಅದರ ಮೇಲೆ ಬೇಯುವುದು ಏನಾದರೂ ಆಗಿರಲಿ. ಒಳ್ಳೆಯ ಉದಾಹರಣೆಗೆ ನಾಲ್ಕೂ ಭಾಷೆಗಳಲ್ಲಿ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಪ್ರಶ್ನೆ 4. ವಿಜಯಪುರದ ಗೋಲ್ ಗುಂಬಜ್ ಒಂದು ದೊಡ್ಡ ಗುಮ್ಮಟವಿರುವ ಕಟ್ಟಡ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಳಗೆ ಒಂದು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ, ಆ ಶಬ್ದ 38 ಮೀಟರ್ ದೂರದ ಎದುರು ಬದಿಗೆ ಬಡಿದು ಮರಳಲು ಎಷ್ಟು ಸಮಯ ಬೇಕು? ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಇಟ್ಟುಕೊಳ್ಳಿ.
- ಸುಮಾರು 0.11 ಸೆಕೆಂಡ್
- ಸುಮಾರು 0.22 ಸೆಕೆಂಡ್ ✔
- ಸುಮಾರು 0.44 ಸೆಕೆಂಡ್
- ಸುಮಾರು 2.2 ಸೆಕೆಂಡ್

ವಿವರಣೆ: ಹೋಗಲು 38, ಬರಲು 38, ಒಟ್ಟು 76 ಮೀಟರ್. ಅದನ್ನು 340ರಿಂದ ಭಾಗಿಸಿದರೆ ಸುಮಾರು 0.22. ಎರಡು ಶಬ್ದಗಳ ನಡುವೆ ಸುಮಾರು 0.1 ಸೆಕೆಂಡ್ ಅಂತರವಿದ್ದರೆ ಕಿವಿಗೆ ಅವು ಬೇರೆ ಬೇರೆಯಾಗಿ ಕೇಳಿಸುತ್ತವೆ. ಅಲ್ಲಿ ಪ್ರತಿಧ್ವನಿ ಸ್ಪಷ್ಟವಾಗಿರುವುದು ಅದಕ್ಕೇ. ನೀವು 0.11 ಆರಿಸಿದ್ದರೆ, ಶಬ್ದ ಮರಳಿ ಬರುವ ದಾರಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಅನುವಾದಕರಿಗೆ: ಗುಮ್ಮಟವನ್ನು ನೋಡದ ಮಗುವಿಗೂ ಲೆಕ್ಕ ಬಿಡಿಸಲು ಬೇಕಾದುದೆಲ್ಲ ಪ್ರಶ್ನೆಯಲ್ಲಿದೆ. ಕಟ್ಟಿಸಿದವರ ಹೆಸರು, ವರ್ಷ ಸೇರಿಸಬೇಡಿ. ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಸಾಲಿನ ನಡುವೆ ಬರುವ 76 ÷ 340 ತಿರುಗುಮುರುಗಾಗಬಹುದು. ಅದನ್ನು ಪ್ರತ್ಯೇಕ ಸಾಲಿನಲ್ಲಿ ಇಟ್ಟು ಪರದೆಯ ಮೇಲೆ ಕಣ್ಣಾರೆ ನೋಡಿ ಒಪ್ಪಿಗೆ ಕೊಡಿ. ಅಂಕಿಗಳು ನಾಲ್ಕೂ ಪ್ರತಿಗಳಲ್ಲಿ 0, 1, 2 ರೂಪದಲ್ಲೇ ಇರಲಿ.

ಪ್ರಶ್ನೆ 5. ಮಿಂಚು ಕಂಡ 3 ಸೆಕೆಂಡುಗಳ ನಂತರ ಸಮೀರನಿಗೆ ಗುಡುಗು ಕೇಳಿಸಿತು. ಮಿಂಚು ಅವನಿಂದ ಸುಮಾರು ಎಷ್ಟು ದೂರದಲ್ಲಿತ್ತು?
- 100 ಮೀಟರ್
- 1 ಕಿಲೋಮೀಟರ್ ✔
- 3 ಕಿಲೋಮೀಟರ್
- 10 ಕಿಲೋಮೀಟರ್

ವಿವರಣೆ: ಬೆಳಕು ಕಣ್ಣಿಗೆ ತಲುಪಲು ಹಿಡಿಯುವ ಸಮಯ ಇಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಶಬ್ದ 3 ಸೆಕೆಂಡಿನಲ್ಲಿ 340 × 3 = 1020 ಮೀಟರ್ ಸಾಗುತ್ತದೆ. ಇಷ್ಟು ಹತ್ತಿರ ಮಿಂಚುತ್ತಿದ್ದರೆ ಬಯಲಿನಲ್ಲಾಗಲಿ ಮರದ ಕೆಳಗಾಗಲಿ ನಿಲ್ಲಬೇಡಿ, ಕಟ್ಟಡದ ಒಳಗೆ ಹೋಗಿ.

ಅನುವಾದಕರಿಗೆ: ಸಮೀರ ಎಂಬ ಹೆಸರು ನಾಲ್ಕೂ ಮಾಧ್ಯಮಗಳ ಹಾಜರಿ ಪುಸ್ತಕಗಳಲ್ಲಿ ಸಿಗುವಂಥದ್ದು, ಬದಲಿಸಬೇಡಿ. ವಿವರಣೆಯ ಕೊನೆಯ ವಾಕ್ಯವನ್ನು ಯಾವ ಭಾಷೆಯಲ್ಲೂ ಬಿಡುವಂತಿಲ್ಲ.