ಟಾರ್ಟ್ ವಸ್ತುನಿಷ್ಠ ಪ್ರಶ್ನೆಗಳು: ಮೋಟಾರು ಅಪಘಾತ ಪರಿಹಾರ, ತಪ್ಪಿಲ್ಲದ ಹೊಣೆ, ಕಡ್ಡಾಯ ವಿಮೆ

ಎಲ್‌ಎಲ್‌.ಬಿ ಮೊದಲ ವರ್ಷದವರಿಗೆ ಈ ಹಾಳೆ. ಒಂದು ಮಾತು ಮೊದಲೇ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ 1988ಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಪರಿಹಾರದ ಭಾಗ ಜಾರಿಗೆ ಬಂದದ್ದು 1-4-2022ರಂದು. ಹಳೇ ಗೈಡುಗಳಲ್ಲಿ ಇನ್ನೂ ಸೆಕ್ಷನ್ 140 ರಾಜನಂತೆ ಕೂತಿದೆ. ಹಾಗಾಗಿ ಪ್ರಶ್ನೆ ಓದುವಾಗ ಅಪಘಾತದ ತಾರೀಖು ಎಲ್ಲಿದೆ ಅಂತ ಮೊದಲು ಹುಡುಕಿ. ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಬಿಡಿಸಿ.

1. 10-6-2023ರಂದು ಶಿರಾ ಹತ್ತಿರ ಹೆದ್ದಾರಿ ದಾಟುತ್ತಿದ್ದ ಮಹಿಳೆಯೊಬ್ಬರು ಕಾರು ಬಡಿದು ತೀರಿಕೊಂಡರು. ಚಾಲಕನ ನಿರ್ಲಕ್ಷ್ಯ ತೋರಿಸಲು ಸಾಕ್ಷಿ ಇಲ್ಲ. ತಪ್ಪಿಲ್ಲದ ಹೊಣೆಯಡಿ ಮಗನಿಗೆ ಸಿಗುವುದು:
(ಅ) ₹25,000
(ಆ) ₹50,000
(ಇ) ₹2,50,000
(ಈ) ₹5,00,000

ಉತ್ತರ: (ಈ). ಇದು ಹೊಸ ಸೆಕ್ಷನ್ 164. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮಾಲೀಕ ಅಥವಾ ವಿಮಾ ಕಂಪನಿ ಕೊಡಬೇಕು. ತಪ್ಪು ಯಾರದ್ದು ಅಂತ ಹೇಳುವುದೂ ಬೇಡ, ಸಾಬೀತು ಮಾಡುವುದೂ ಬೇಡ. (ಆ) ಹಳೇ ಸೆಕ್ಷನ್ 140ರ ಮೊತ್ತ. ನಾನು ಓದುವಾಗ ಅದನ್ನೇ ಬರೆದು ಮಾರ್ಕು ತಗೊಂಡಿದ್ದೆ. ಈಗ ಬರೆದರೆ ಸೊನ್ನೆ.

2. 2019ರ ತಿದ್ದುಪಡಿಯಿಂದ ಕಾಯ್ದೆಯಲ್ಲಿ ಇಲ್ಲವಾದದ್ದು ಯಾವುದು?
(ಅ) ಸೆಕ್ಷನ್ 166
(ಆ) ಸೆಕ್ಷನ್ 163ಎ
(ಇ) ಸೆಕ್ಷನ್ 168
(ಈ) ಸೆಕ್ಷನ್ 146

ಉತ್ತರ: (ಆ). 140ರಿಂದ 144ರವರೆಗಿನ ಇಡೀ ಅಧ್ಯಾಯವೂ ಅದರ ಜೊತೆ ಹೋಯಿತು. 163ಎ ಬಂದದ್ದು 1994ರಲ್ಲಿ. ವಯಸ್ಸು, ಆದಾಯ ನೋಡಿ ಪಟ್ಟಿ ಪ್ರಕಾರ ಹಣ ಕೊಡುವ ವ್ಯವಸ್ಥೆ ಅದು.

3. ಹೇಳಿಕೆ: ಸೆಕ್ಷನ್ 166ರ ಅಡಿ ಪೂರ್ಣ ಪರಿಹಾರ ಕೇಳುವವರು ಸಾಮಾನ್ಯವಾಗಿ ಚಾಲಕನ ನಿರ್ಲಕ್ಷ್ಯ ತೋರಿಸಬೇಕು.
ಕಾರಣ: ಸೆಕ್ಷನ್ 166ರ ಬುನಾದಿ ಟಾರ್ಟ್‌ನ ತಪ್ಪಿನ ತತ್ವ.
(ಅ) ಎರಡೂ ಸರಿ, ಕಾರಣ ಹೇಳಿಕೆಗೆ ಹೊಂದುತ್ತದೆ
(ಆ) ಎರಡೂ ಸರಿ, ಕಾರಣ ಹೊಂದುವುದಿಲ್ಲ
(ಇ) ಹೇಳಿಕೆ ಮಾತ್ರ ಸರಿ
(ಈ) ಎರಡೂ ತಪ್ಪು

ಉತ್ತರ: (ಅ). ಮಿನು ಬಿ. ಮೆಹ್ತಾ ಪ್ರಕರಣದಲ್ಲಿ (1977) ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ತಪ್ಪಿಲ್ಲದೆ ಹೊಣೆ ಇಲ್ಲ. ಆಮೇಲೆ 1982ರಲ್ಲಿ ಶಾಸನವೇ ತಪ್ಪಿಲ್ಲದ ಹೊಣೆ ತಂದಿತು. 2001ರ ಕೌಶ್ನುಮಾ ಬೇಗಂ ತೀರ್ಪಂತೂ ಇನ್ನೂ ಮುಂದೆ ಹೋಯಿತು. ಅಲ್ಲಿ ಜೀಪಿನ ಟೈರು ಸಿಡಿದಿತ್ತು, ನಿರ್ಲಕ್ಷ್ಯ ಸಾಬೀತಾಗಲಿಲ್ಲ. ಆದರೂ ಕೋರ್ಟ್ ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್ ನಿಯಮ ಹಚ್ಚಿ ಪರಿಹಾರ ಕೊಡಿಸಿತು. ನೀರಿನ ತೊಟ್ಟಿ ಒಡೆದ 1868ರ ಇಂಗ್ಲಿಷ್ ಕೇಸು ನಮ್ಮ ಜೀಪಿನ ಟೈರಿಗೆ ಬಂದು ತಗುಲಿಕೊಂಡದ್ದು ನೋಡಿ! ‘ಸಾಮಾನ್ಯವಾಗಿ’ ಎಂಬ ಪದ ಹೇಳಿಕೆಯಲ್ಲಿ ಇರುವುದು ಇದಕ್ಕೇ. ಅದನ್ನು ತೆಗೆದು ‘ಯಾವಾಗಲೂ’ ಅಂತ ಹಾಕಿದ್ದರೆ ಹೇಳಿಕೆ ತಪ್ಪಾಗುತ್ತಿತ್ತು.

4. ವಿಮೆಯಿಲ್ಲದ ವಾಹನ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ:
(ಅ) ₹500
(ಆ) ₹1,000
(ಇ) ₹2,000
(ಈ) ₹10,000

ಉತ್ತರ: (ಇ). ಸೆಕ್ಷನ್ 196. ಮೂರು ತಿಂಗಳವರೆಗೆ ಜೈಲೂ ಆಗಬಹುದು. ಎರಡನೇ ಸಲ ದಂಡ ₹4,000.

5. ಸೆಕ್ಷನ್ 146 ಕಡ್ಡಾಯ ಮಾಡುವ ವಿಮೆ:
(ಅ) ಸ್ವಂತ ವಾಹನದ ಡ್ಯಾಮೇಜಿಗೆ
(ಆ) ಕಳ್ಳತನಕ್ಕೆ
(ಇ) ಮೂರನೇ ವ್ಯಕ್ತಿಗೆ ಆಗುವ ಹಾನಿಗೆ
(ಈ) ಮೇಲಿನ ಎಲ್ಲಕ್ಕೂ

ಉತ್ತರ: (ಇ). ‘ಫುಲ್ ಇನ್ಶೂರೆನ್ಸ್’ ಮಾಡಿಸುವುದು ನಿಮ್ಮಿಷ್ಟ, ಥರ್ಡ್ ಪಾರ್ಟಿ ಮಾತ್ರ ಕಡ್ಡಾಯ. ವ್ಯಾಪಾರಕ್ಕೆ ಬಳಸದ ಸರ್ಕಾರಿ ವಾಹನಗಳಿಗೆ ವಿನಾಯಿತಿ ಇದೆ.

6. ಸುರೇಶ ತನ್ನ ಟೆಂಪೊವನ್ನು ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಗೊತ್ತಿದ್ದೂ ಕೊಟ್ಟ. ಹುಡುಗ ಹಾವೇರಿ ಸಂತೆ ಬೀದಿಯಲ್ಲಿ ತರಕಾರಿ ಮಾರುವ ಅಜ್ಜಿಗೆ ಗುದ್ದಿದ. ವಿಮೆ ಚಾಲ್ತಿಯಲ್ಲಿತ್ತು. ಸರಿಯಾದದ್ದು ಯಾವುದು?
(ಅ) ಕಂಪನಿ ಒಂದು ಪೈಸೆಯನ್ನೂ ಕೊಡಬೇಕಿಲ್ಲ, ಅಜ್ಜಿ ಸುರೇಶನನ್ನೇ ಹಿಡಿಯಬೇಕು
(ಆ) ಕಂಪನಿ ಅಜ್ಜಿಗೆ ಕೊಟ್ಟು, ಆಮೇಲೆ ಸುರೇಶನಿಂದ ವಸೂಲು ಮಾಡಬಹುದು
(ಇ) ಕಂಪನಿಯೇ ಪೂರ್ತಿ ಹೊರಬೇಕು, ವಸೂಲಿ ಇಲ್ಲ
(ಈ) ಹುಡುಗ ಒಬ್ಬನೇ ಹೊಣೆ

ಉತ್ತರ: (ಆ). 2004ರ ಸ್ವರಣ್ ಸಿಂಗ್ ತೀರ್ಪು. ಕೋರ್ಟಿನ ಪಡಸಾಲೆಯಲ್ಲಿ ಇದಕ್ಕೆ ‘ಪೇ ಅಂಡ್ ರಿಕವರಿ’ ಅಂತಾರೆ. ಪಾಲಿಸಿ ಷರತ್ತು ಮುರಿದದ್ದು ಮಾಲೀಕ. ಅದರ ಹೊರೆ ಬೀದಿಯಲ್ಲಿ ಕೂತ ಅಜ್ಜಿಯ ತಲೆ ಮೇಲೆ ಯಾಕೆ ಬೀಳಬೇಕು, ಅಲ್ವಾ? ಆದರೆ ಸುಮ್ನೆ ಲೈಸೆನ್ಸ್ ಇರಲಿಲ್ಲ ಅಂದರೆ ವಸೂಲಿ ಹಕ್ಕು ಬರುವುದಿಲ್ಲ. ಮಾಲೀಕ ಗೊತ್ತಿದ್ದೂ ಕೊಟ್ಟ ಅಥವಾ ಸರಿಯಾಗಿ ವಿಚಾರಿಸಲಿಲ್ಲ ಅಂತ ಕಂಪನಿಯೇ ತೋರಿಸಬೇಕು. ಪ್ರಶ್ನೆಯಲ್ಲಿ ‘ಗೊತ್ತಿದ್ದೂ’ ಅಂತ ಇದೆ, ಕಣ್ಣು ತಪ್ಪಿಸಬೇಡಿ.

7. ಗ್ಯಾರೇಜು ನಡೆಸುತ್ತಿದ್ದ 34 ವರ್ಷದ ಮೆಕ್ಯಾನಿಕ್ ಅಪಘಾತದಲ್ಲಿ ತೀರಿಕೊಂಡ. ತಿಂಗಳ ಆದಾಯ ₹15,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನಂಬಿದ್ದರು. ಅವಲಂಬನೆ ನಷ್ಟ ಎಷ್ಟು?
(ಅ) ₹21,60,000
(ಆ) ₹26,88,000
(ಇ) ₹28,35,000
(ಈ) ₹30,24,000

ಉತ್ತರ: (ಈ). ವರ್ಷದ ಆದಾಯ ₹1,80,000. ಸ್ವಂತ ದುಡಿಮೆ, 40 ದಾಟಿಲ್ಲ. ಪ್ರಣಯ್ ಸೇಥಿ ತೀರ್ಪಿನಂತೆ (2017) ಭವಿಷ್ಯದ ಗಳಿಕೆಗೆ ಶೇ 40 ಸೇರಿಸಿ: ₹2,52,000. ಅವಲಂಬಿತರು ನಾಲ್ವರು, ಹಾಗಾಗಿ ಅವನ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆಯಿರಿ: ₹1,89,000. ಸರಳಾ ವರ್ಮಾ (2009) ಪಟ್ಟಿಯಲ್ಲಿ 31ರಿಂದ 35ಕ್ಕೆ ಗುಣಕ 16.

1,89,000 × 16 = 30,24,000

ಉಳಿದ ಮೂರೂ ಬೇಕಂತಲೇ ಇಟ್ಟ ಬಲೆ. ಶೇ 40 ಮರೆತವರಿಗೆ (ಅ) ಬರುತ್ತದೆ. ಮೂರನೇ ಒಂದು ಕಳೆದವರಿಗೆ (ಆ). ಗುಣಕ 15 ಹಿಡಿದವರಿಗೆ (ಇ). ನಿಮಗೆ ಬಂದ ಉತ್ತರ ಆಯ್ಕೆಗಳಲ್ಲಿ ಇದೆ ಅಂತ ಖುಷಿಪಟ್ಟು ಮುಂದೆ ಹೋಗಬೇಡಿ. ಅಂತ್ಯಕ್ರಿಯೆ, ಸಂಗಾತಿ ನಷ್ಟದಂಥ ಬಾಬತ್ತುಗಳು ಬೇರೆ. ಪ್ರಶ್ನೆ ಕೇಳಿದ್ದು ಅವಲಂಬನೆ ನಷ್ಟ ಮಾತ್ರ.

8. 2024ರಲ್ಲಿ ಗುದ್ದಿ ಓಡಿಹೋದ ಲಾರಿಯ ಗುರುತು ಸಿಗಲೇ ಇಲ್ಲ. ಸತ್ತವನ ಮನೆಯವರಿಗೆ ಯೋಜನೆಯಡಿ ಸಿಗುವ ಮೊತ್ತ:
(ಅ) ₹25,000
(ಆ) ₹50,000
(ಇ) ₹2,00,000
(ಈ) ₹5,00,000

ಉತ್ತರ: (ಇ). ಸೆಕ್ಷನ್ 161. ತೀವ್ರ ಗಾಯವಾದರೆ ₹50,000. ವಾಹನವೇ ಗೊತ್ತಿಲ್ಲದ್ದರಿಂದ 164 ಹಿಡಿಯಲು ಮಾಲೀಕನೂ ಇಲ್ಲ, ಕಂಪನಿಯೂ ಇಲ್ಲ.

9. ಮದುವೆಗೆ ಹೊರಟ ಹತ್ತು ಜನ ಗೂಡ್ಸ್ ಗಾಡಿಯ ಹಿಂದೆ ಪುಕ್ಕಟೆಯಾಗಿ ಕೂತಿದ್ದರು. ಗಾಡಿ ಪಲ್ಟಿಯಾಯಿತು. ಕಾಯ್ದೆ ಕಡ್ಡಾಯ ಮಾಡಿದ ಪಾಲಿಸಿಯಷ್ಟೇ ಇದೆ. ಈ ಪ್ರಯಾಣಿಕರಿಗೆ ಆ ಪಾಲಿಸಿಯ ರಕ್ಷಣೆ:
(ಅ) ಇದೆ, ಯಾರೇ ಆದರೂ ‘ಯಾವುದೇ ವ್ಯಕ್ತಿ’ಯೇ
(ಆ) ಇಲ್ಲ
(ಇ) ಅರ್ಧ ಇದೆ
(ಈ) ಟಿಕೆಟ್ ಇದ್ದರೆ ಇದೆ

ಉತ್ತರ: (ಆ). 2003ರ ಆಶಾ ರಾಣಿ ತೀರ್ಪು. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಬಂದರೆ ರಕ್ಷಣೆ ಇದೆ, ಪುಕ್ಕಟೆ ಪ್ರಯಾಣಿಕನಿಗಿಲ್ಲ. ವಾಹನದ ಮಾಲೀಕನ ಹೊಣೆ ತಪ್ಪುವುದಿಲ್ಲ. ನಮ್ಮೂರ ಕಡೆ ದಿಬ್ಬಣ ಇನ್ನೂ ಹೀಗೇ ಹೊರಡುತ್ತದೆ, ಅದಕ್ಕೇ ಈ ಪ್ರಶ್ನೆ ಹಾಕಿದೆ.

10. ತುಮಕೂರಿನ ವ್ಯಕ್ತಿಗೆ ಹುಬ್ಬಳ್ಳಿಯಲ್ಲಿ ಅಪಘಾತ. ಕಾರಿನ ಮಾಲೀಕ ಮೈಸೂರಿನವನು. ಸೆಕ್ಷನ್ 166ರ ಅರ್ಜಿ ಎಲ್ಲಿ ಹಾಕಬಹುದು?
(ಅ) ಹುಬ್ಬಳ್ಳಿಯಲ್ಲಿ ಮಾತ್ರ
(ಆ) ಮೈಸೂರಿನಲ್ಲಿ ಮಾತ್ರ
(ಇ) ಹುಬ್ಬಳ್ಳಿ ಅಥವಾ ಮೈಸೂರು
(ಈ) ಮೂರರಲ್ಲಿ ಯಾವುದಾದರೂ ಒಂದು

ಉತ್ತರ: (ಈ). ಗಾಯಾಳು ತನ್ನೂರಿನ ಟ್ರಿಬ್ಯುನಲ್‌ನಲ್ಲೇ ಎಂವಿಸಿ ಕೇಸು ಹಾಕಬಹುದು, ಊರುಗೋಲು ಹಿಡಿದು ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಕಾಯ್ದೆ ಈಗ ಕೊಟ್ಟಿರುವ ಕಾಲಮಿತಿ ಅಪಘಾತದಿಂದ ಆರು ತಿಂಗಳು.